ಎಲಿವೇಟರ್ ಚೋಕ್ ಆದಾಗ ಏನು ಮಾಡಬೇಕು: ದಾಲ್ ಮಿಲ್‌ಗೆ ಸುರಕ್ಷತಾ ವಿಡಿಯೊ ಸ್ಕ್ರಿಪ್ಟ್ ಬರೆಯುವ ವಿಧಾನ

ತೊಗರಿ ಸೀಜನ್ ಶುರುವಾದರೆ ಕಲಬುರಗಿಯ ದಾಲ್ ಮಿಲ್‌ಗಳಿಗೆ ಹೊಸ ಹೆಲ್ಪರ್‌ಗಳು ಬರುತ್ತಾರೆ. ಕೆಲವರು ಅದುವರೆಗೆ ಹೊಲದಲ್ಲಿ ಕೆಲಸ ಮಾಡಿದವರು. ಓಡುವ ಬೆಲ್ಟ್, ಮೋಟರ್, ಪ್ಯಾನೆಲ್ ಬೋರ್ಡ್ ಅವರಿಗೆ ಹೊಸದು. ಅವರಿಗೆ ಒಂದು ಸುರಕ್ಷತಾ ವಿಡಿಯೊ ತೋರಿಸೋಣ ಎಂದು ಮಾಲೀಕರಿಗೆ ಅನಿಸುತ್ತದೆ. ಒಳ್ಳೆಯದೇ. ಆದರೆ ಸ್ಕ್ರಿಪ್ಟ್ ಬರೆಯಲು ಕುಳಿತಾಗ ಹೆಲ್ಮೆಟ್, ಮಾಸ್ಕ್, ಬೆಂಕಿ, ಪ್ರಥಮ ಚಿಕಿತ್ಸೆ ಎಲ್ಲವೂ ಒಂದರಲ್ಲೇ ತುಂಬಿಕೊಳ್ಳುತ್ತವೆ. ಅರ್ಧ ಗಂಟೆ ನೋಡಿ ಎದ್ದ ಹುಡುಗನಿಗೆ, ನಾಳೆ ಎಲಿವೇಟರ್ ನಿಂತಾಗ ಕೈ ಎಲ್ಲಿಡಬೇಕು ಎನ್ನುವುದು ಮಾತ್ರ ಗೊತ್ತಾಗಿರುವುದಿಲ್ಲ.

ಅದಕ್ಕೇ ಇಲ್ಲಿ ಒಂದೇ ಕೆಲಸಕ್ಕೆ ಒಂದು ವಿಡಿಯೊ. ಬೆಲ್ಟ್‌ಗೆ ಕಟ್ಟಿದ ಬಕೆಟ್‌ಗಳಲ್ಲಿ ತೊಗರಿಯನ್ನು ಮೇಲಕ್ಕೆ ಒಯ್ಯುವ ಬಕೆಟ್ ಎಲಿವೇಟರ್ ಚೋಕ್ ಆದರೆ ಅದನ್ನು ಬಿಡಿಸುವುದು. ಉದ್ದ ಆರು ನಿಮಿಷ ಸಾಕು. ಮೂರು ಭಾಗ, ಪ್ರತಿ ಭಾಗದ ಕೊನೆಗೆ ಒಂದು ಪ್ರಶ್ನೆ.

ಮೊದಲು ಮಿಲ್‌ನಲ್ಲಿ ನಿಂತು ನೋಡಿ

ಸ್ಕ್ರಿಪ್ಟ್‌ನ ಮೊದಲ ಕರಡನ್ನು ಆಫೀಸಿನಲ್ಲಿ ಕೂತು ಬರೆಯಬೇಡಿ. ಎಲಿವೇಟರ್ ಬುಡದಲ್ಲಿ ಒಂದು ಪಾಳಿ ಪೂರ್ತಿ ನಿಲ್ಲಿ. ಬುಡದ ಪೆಟ್ಟಿಗೆಗೆ ಬೂಟ್ ಅಂತಾರೆ. ತೊಗರಿ ಜಾಸ್ತಿ ಸುರಿದಾಗ, ಗೋಣಿ ಚೂರು ಸಿಕ್ಕಾಗ, ಬೆಲ್ಟ್ ಸಡಿಲಾದಾಗ ಬೂಟ್ ತುಂಬಿ ಬೆಲ್ಟ್ ನಿಂತುಬಿಡುತ್ತದೆ. ಆಗ ಹೆಲ್ಪರ್ ಏನು ಮಾಡುತ್ತಾನೆ? ಕೆಳಗಿನ ಗೇಟ್ ಎತ್ತಿ, ಕೈ ಹಾಕಿ ತೊಗರಿ ಎಳೆಯುತ್ತಾನೆ. ಮೋಟರ್ ಬಂದ್ ಮಾಡಿದ್ದಾನೋ ಇಲ್ಲವೋ, ಮಾಡಿದ್ದರೆ ಯಾವ ಬಟನ್‌ನಿಂದ, ಪ್ಯಾನೆಲ್ ಹತ್ತಿರ ಆಗ ಯಾರಿದ್ದರು, ಅಲ್ಲಿಂದ ಬೂಟ್ ಕಾಣುತ್ತದೋ ಇಲ್ಲವೋ, ಇವೆಲ್ಲ ಬರೆದುಕೊಳ್ಳಿ.

ಹಳೆಯ ಕೆಲಸಗಾರರನ್ನು ಕೇಳುವಾಗ "ಸುರಕ್ಷತಾ ನಿಯಮ ಗೊತ್ತಾ?" ಎನ್ನಬೇಡಿ. ಎಲ್ಲರೂ ಹೂಂ ಎನ್ನುತ್ತಾರೆ. "ಚೋಕ್ ಯಾವಾಗ ತೆಗೀತೀರಿ?" ಎಂದು ಕೇಳಿ. ಬರಬಹುದಾದ ಒಂದು ಉತ್ತರ, "ಕರೆಂಟ್ ಹೋದಾಗ." ಮಷಿನ್ ತಾನಾಗಿಯೇ ನಿಂತಿರುತ್ತದೆ, ಕೆಲಸವೂ ಹಾಳಾಗುವುದಿಲ್ಲ, ಯಾರೂ ಬೈಯುವುದಿಲ್ಲ. ಹೆಲ್ಪರ್‌ಗೆ ಅದು ಜಾಣತನ ಅನಿಸುತ್ತದೆ. ನಿಮ್ಮ ವಿಡಿಯೊದ ಕಥೆ ಇಲ್ಲೇ ಇದೆ.

ಇದರಲ್ಲಿ ಅಪಾಯ ಏಕೆ ಎಂದು ಸ್ಕ್ರಿಪ್ಟ್ ಬರೆಯುವವರಿಗೆ ಸರಿಯಾಗಿ ಗೊತ್ತಿರಬೇಕು. ಒತ್ತುವ ಬಟನ್ ಇರುವ ಸಾಮಾನ್ಯ ಸ್ಟಾರ್ಟರ್ ಇದ್ದರೆ ಕರೆಂಟ್ ಹೋದಾಗ ಅದರೊಳಗೆ ಮೋಟರ್‌ಗೆ ಕರೆಂಟ್ ಜೋಡಿಸುವ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ. ಕರೆಂಟ್ ಬಂದರೂ ಯಾರಾದರೂ ಮತ್ತೆ ಬಟನ್ ಒತ್ತುವವರೆಗೆ ಮೋಟರ್ ತಿರುಗುವುದಿಲ್ಲ. ಆದರೆ ತಿರುಗಿಸುವ ಸ್ವಿಚ್ ಅಥವಾ ಹಳೆಯ ಹಿಡಿಕೆ ಸ್ವಿಚ್‌ನಿಂದ ಓಡುವ ಮೋಟರ್‌ಗೆ ಆ ರಕ್ಷಣೆ ಇಲ್ಲ. ಸ್ವಿಚ್ ಆನ್ ಆಗಿಯೇ ಇದ್ದರೆ ಕರೆಂಟ್ ಬಂದ ಕ್ಷಣ ಬೆಲ್ಟ್ ಓಡುತ್ತದೆ. ಮೊದಲ ಬಗೆಯ ಸ್ಟಾರ್ಟರ್ ಇದ್ದರೂ ಗಂಡಾಂತರ ತಪ್ಪಿದ್ದಲ್ಲ. ಕರೆಂಟ್ ಬಂದ ಕೂಡಲೇ, ಇಲ್ಲವೇ ಜನರೇಟರ್ ಚಾಲು ಆದ ಕೂಡಲೇ, ಆಪರೇಟರ್ ಸಾಲಾಗಿ ಎಲ್ಲ ಬಟನ್ ಒತ್ತುತ್ತಾ ಹೋಗುತ್ತಾನೆ. ಅವನಿರುವ ಜಾಗದಿಂದ ನೆಲದ ತಗ್ಗಿನೊಳಗಿನ ಬೂಟ್ ಕಾಣುವುದಿಲ್ಲ.

ಬರೆಯುವ ಮುಂಚೆ ಪ್ಯಾನೆಲ್ ನೋಡಿ

ಎಲಿವೇಟರ್ ಮೋಟರ್‌ನ ಮೇನ್ ಸ್ವಿಚ್‌ಗೆ ಕೀಲಿ, ಅಂದರೆ ಬೀಗ, ಹಾಕಲು ಜಾಗ ಇದೆಯಾ? ಎಂಸಿಬಿ ಇದ್ದರೆ ಅದಕ್ಕೆ ಸಿಕ್ಕಿಸುವ ಲಾಕ್ ಕ್ಲಿಪ್ ಸಿಗುತ್ತದೆ. ಅದಕ್ಕೆ ಕೀಲಿ ಹಾಕಬಹುದು. ಯಾವ ಸ್ವಿಚ್ ಯಾವ ಮೋಟರ್‌ನದು ಎಂದು ಚೀಟಿ ಅಂಟಿಸಿದ್ದಾರಾ? ಆ ಚೀಟಿ ನಿಜವಾ? ಮೋಟರ್ ಬದಲಿಸಿ, ವೈರ್ ಬದಲಿಸಿ ಹಳೆ ಚೀಟಿ ಹಾಗೇ ಉಳಿದಿರುವ ಪ್ಯಾನೆಲ್‌ಗಳು ಇರುತ್ತವೆ.

ಇವು ಸರಿ ಇಲ್ಲದಿದ್ದರೆ ವಿಡಿಯೊ ಕೆಲಸ ಅಲ್ಲೇ ನಿಲ್ಲಿಸಿ. ಮಿಲ್‌ನಲ್ಲಿ ಇಲ್ಲದ ಕೀಲಿಯನ್ನು ವಿಡಿಯೊದಲ್ಲಿ ತೋರಿಸಿದರೆ ಹೆಲ್ಪರ್ ಕಲಿಯುವ ಪಾಠ ಒಂದೇ: ಇದೆಲ್ಲ ತೋರಿಕೆಗೆ. ಮೊದಲು ಮಿಸ್ತ್ರಿಯನ್ನು ಕರೆಸಿ, ಕ್ಲಿಪ್, ಕೀಲಿ, ಚೀಟಿ ಸರಿಮಾಡಿಸಿ. ಆಮೇಲೆ ಪೆನ್ನು ಹಿಡಿಯಿರಿ.

ಮೂರು ಭಾಗ, ಮೂರು ತೀರ್ಮಾನ

ಪ್ರತಿ ಭಾಗವೂ ಒಬ್ಬ ಮನುಷ್ಯ ಏನಾದರೂ ತೀರ್ಮಾನ ಮಾಡಬೇಕಾದ ಹೊತ್ತಿಗೆ ಬಂದು ನಿಲ್ಲಬೇಕು. ಮೊದಲ ಭಾಗ: ಕರೆಂಟ್ ಹೋಗಿದೆ, ಗೇಟ್ ಎತ್ತಲಾ? ಎರಡನೆಯದು: ಕೀಲಿ ಹಾಕಿದ್ದೇನೆ, ಈಗ ಕೆಲಸ ಶುರು ಮಾಡಲಾ? ಮೂರನೆಯದು: ಕೀಲಿ ಹಾಕಿದವ ಊಟಕ್ಕೆ ಹೋಗಿದ್ದಾನೆ, ನಾನು ತೆಗೆಯಲಾ?

ಪಾತ್ರಗಳು ಮೂರೇ ಇರಲಿ. ಹತ್ತೊಂಬತ್ತರ ಹೆಲ್ಪರ್ ಮಲ್ಲು, ಅವನಿಗಿಂತ ತುಸು ದೊಡ್ಡವನಾದ ಸಾಬಣ್ಣ, ಪ್ಯಾನೆಲ್ ನೋಡಿಕೊಳ್ಳುವ ಶರಣಪ್ಪ. ತಪ್ಪು ಮಾಡುವವನನ್ನು ದಡ್ಡನಾಗಿ ತೋರಿಸಬೇಡಿ. ಸಾಬಣ್ಣ ಕೆಲಸ ಬಲ್ಲವನು, ಚುರುಕಿನವನು, ಎಲ್ಲರಿಗೂ ಬೇಕಾದವನು. ಅಂಥವನು ಹೇಳಿದಾಗಲೇ ಹುಡುಗರು ಕೇಳುವುದು, ಅಲ್ವಾ? ಹಾಗಾಗಿ ತಪ್ಪು ಸಲಹೆ ಅವನ ಬಾಯಿಂದಲೇ ಬರಲಿ.

ಮಾತು ಅವರದೇ ಇರಲಿ. "ಯಂತ್ರವನ್ನು ಸ್ಥಗಿತಗೊಳಿಸಿ" ಎಂದು ಮಿಲ್‌ನಲ್ಲಿ ಯಾರೂ ಅನ್ನುವುದಿಲ್ಲ. ಬಂದ್ ಮಾಡು, ಚಾಲು ಮಾಡು, ಚೋಕ್ ಆಗ್ಯದ, ಇವೇ ಮಾತು. ಬಿಹಾರ, ಉತ್ತರ ಪ್ರದೇಶದ ಕೆಲಸಗಾರರೂ ಇದ್ದರೆ ಪ್ರಶ್ನೆಗಳನ್ನು ಹಿಂದಿಯಲ್ಲೂ ಒಮ್ಮೆ ಹೇಳಿಸಿ.

ಸ್ಕ್ರಿಪ್ಟ್ ಬರೆಯುವಾಗ ಪುಟವನ್ನು ಎರಡು ಪಾಲು ಮಾಡಿ. ಒಂದು ಕಡೆ ಕಾಣುವುದು, ಇನ್ನೊಂದು ಕಡೆ ಕೇಳುವುದು. ಮೊದಲ ಭಾಗ ಹೀಗಿರಬಹುದು.

*ಕಾಣುವುದು:* ಎಲಿವೇಟರ್ ಬುಡ. ಬೂಟ್ ಸುತ್ತ ತೊಗರಿ ಚೆಲ್ಲಿದೆ. ಬೆಲ್ಟ್ ನಿಂತಿದೆ. ಲೈಟ್ ಆರುತ್ತದೆ.
*ಕೇಳುವುದು:* ಮೋಟರ್‌ಗಳ ಸದ್ದು ಒಂದೊಂದಾಗಿ ಇಳಿದು ನಿಲ್ಲುತ್ತದೆ.

*ಕಾಣುವುದು:* ಮಲ್ಲು ಗೇಟ್ ನೋಡುತ್ತಾನೆ. ಸಾಬಣ್ಣ ಬಂದು ಪಕ್ಕದಲ್ಲಿ ಕೂರುತ್ತಾನೆ.
*ಕೇಳುವುದು:*
ಮಲ್ಲು: "ಸಾಬಣ್ಣಾ, ಎಲಿವೇಟರ್ ಚೋಕ್ ಆಗ್ಯದ. ಕರೆಂಟೂ ಹೋಗ್ಯಾದ."
ಸಾಬಣ್ಣ: "ಛಲೋ ಆಯ್ತಲ್ಲ. ಈಗೇ ಗೇಟ್ ತೆಗಿ, ಎರಡು ನಿಮಿಷದಾಗ ಮುಗೀತದ."
ಮಲ್ಲು: "ಕರೆಂಟ್ ಬಂದ್ರ?"
ಸಾಬಣ್ಣ: "ನಾ ಹೋಗಿ ಪ್ಯಾನೆಲ್ ಹಂತ್ಯಾಕ ನಿಂದರ್ತೀನಿ. ಯಾರಿಗೂ ಮುಟ್ಟಗೊಡಂಗಿಲ್ಲ. ಲಗೂನ ತೆಗಿ."

*ಕಾಣುವುದು:* ಮಲ್ಲುವಿನ ಕೈ ಗೇಟ್‌ನ ಹಿಡಿಕೆಯತ್ತ ಹೋಗುತ್ತದೆ. ಮುಟ್ಟುವ ಮುಂಚೆ ಚಿತ್ರ ನಿಲ್ಲುತ್ತದೆ.
*ಕೇಳುವುದು:* "ಮಲ್ಲು ಈಗ ಏನು ಮಾಡಬೇಕು?"

ಏನಾಯಿತು ಎಂದು ತೋರಿಸುವ ಮುಂಚೆಯೇ ಇಲ್ಲಿ ಚಿತ್ರ ನಿಲ್ಲಿಸಿದ್ದೇವೆ, ಗಮನಿಸಿ. ಅಪಘಾತ ತೋರಿಸಿ ಆಮೇಲೆ ಪ್ರಶ್ನೆ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ನೋಡುವವನು ತನ್ನ ತಲೆಯಲ್ಲಿ ತೀರ್ಮಾನ ಮಾಡಬೇಕಾದ ಹೊತ್ತು ಇದೇ.

ಪ್ರಶ್ನೆ ಬರೆಯುವುದು

ಇಲ್ಲಿ ಸ್ವಲ್ಪ ಹೊತ್ತು ಕೂತು ಯೋಚಿಸಬೇಕು. "ಚಾಲೂ ಇರುವ ಮಷಿನ್‌ಗೆ ಕೈ ಹಾಕಬಹುದೇ? ಹೌದು ಅಥವಾ ಇಲ್ಲ" ಎನ್ನುವ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಮಿಲ್ ಕಾಣದವರೂ ಅದಕ್ಕೆ ಸರಿಯುತ್ತರ ಕೊಡುತ್ತಾರೆ. ತಪ್ಪು ಉತ್ತರಗಳು ನಿಜವಾಗಿ ಮಿಲ್‌ನಲ್ಲಿ ನಡೆಯುವಂಥವೇ ಆಗಿರಬೇಕು. ನೀವು ನಿಂತು ನೋಡಿ ಬರೆದುಕೊಂಡ ಟಿಪ್ಪಣಿ ಈಗ ಉಪಯೋಗಕ್ಕೆ ಬರುತ್ತದೆ.

ಮೊದಲ ಪ್ರಶ್ನೆಗೆ ಮೂರು ಉತ್ತರ:

ಅ. ಮಷಿನ್ ನಿಂತೇ ಇದೆ. ಬೇಗ ತೊಗರಿ ತೆಗೆದು ಗೇಟ್ ಹಾಕಬೇಕು.
ಆ. ಸಾಬಣ್ಣ ಪ್ಯಾನೆಲ್ ಹತ್ತಿರ ನಿಂತ ಮೇಲೆ ಕೈ ಹಾಕಬೇಕು.
ಇ. ಶರಣಪ್ಪನಿಗೆ ಹೇಳಿ, ಮೇನ್ ಸ್ವಿಚ್ ಇಳಿಸಿ, ತನ್ನ ಕೀಲಿ ಹಾಕಬೇಕು.

ಇದರಲ್ಲಿ ಜನ ಎಡವುವುದು "ಆ" ದಲ್ಲಿ. ಕಾವಲಿಗೆ ಒಬ್ಬ ಇದ್ದಾನೆ, ಸಾಕಲ್ಲ ಅನಿಸುತ್ತದೆ. ಅದಕ್ಕೇ ಉತ್ತರ ಕೊಡುವಾಗ "ತಪ್ಪು" ಎಂದು ಹೇಳಿ ಮುಂದೆ ಹೋಗಬೇಡಿ. ಕಾರಣ ಕಣ್ಣಿಗೆ ಕಾಣಿಸಿ. ಸಾಬಣ್ಣ ಪ್ಯಾನೆಲ್ ಹತ್ತಿರ ನಿಂತಿದ್ದಾನೆ. ಹೊರಗೆ ಲಾರಿ ಬರುತ್ತದೆ. "ಸಾಬಣ್ಣಾ, ಸ್ವಲ್ಪ ಬಾರೋ ಇಲ್ಲಿ" ಎಂದು ಯಾರೋ ಕರೆಯುತ್ತಾರೆ. ಅವನು ಹೋಗುತ್ತಾನೆ. ಲೈಟ್ ಬರುತ್ತದೆ. ಶರಣಪ್ಪ ಬಂದು ಎಂದಿನಂತೆ ಬಟನ್ ಒತ್ತುತ್ತಾನೆ. ಬೆಲ್ಟ್ ಜಗ್ಗುತ್ತದೆ. ಇಷ್ಟೇ ಸಾಕು. ಮೂವರಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಬೇಕೆಂದು ಮಾಡಿಲ್ಲ. ಆದರೂ ಕೈ ಹೋಗುತ್ತದೆ. ಮನುಷ್ಯನನ್ನು ಕರೆದರೆ ಜಾಗ ಬಿಟ್ಟು ಹೋಗುತ್ತಾನೆ, ಕೀಲಿ ಹೋಗುವುದಿಲ್ಲ. ಈ ಒಂದು ಮಾತನ್ನು ಹಿನ್ನೆಲೆ ದನಿಯಲ್ಲಿ ಹೇಳಿ.

ಇನ್ನೂ ಎರಡು ಎಚ್ಚರಿಕೆ. ಸರಿಯುತ್ತರ ಯಾವಾಗಲೂ ಉದ್ದವಾಗಿ, ಕೊನೆಯಲ್ಲೇ ಇದ್ದರೆ ಎರಡನೇ ಪ್ರಶ್ನೆಗೆ ಬರುವಷ್ಟರಲ್ಲಿ ಜನ ಅದನ್ನು ಹಿಡಿದುಬಿಡುತ್ತಾರೆ. ಜಾಗ ಬದಲಿಸಿ, ಉದ್ದ ಒಂದೇ ಸಮ ಮಾಡಿ. ಮತ್ತೆ, ಓದು ಬಾರದವರಿಗಾಗಿ ಉತ್ತರಗಳನ್ನು ಚಿತ್ರವಾಗಿಯೂ ತೋರಿಸಿ, ದನಿಯಲ್ಲೂ ಹೇಳಿ.

ಎರಡನೇ ಭಾಗ: ಕೀಲಿ ಹಾಕಿದ ಮೇಲೆ

ಶರಣಪ್ಪ ಬರುತ್ತಾನೆ. ಮಲ್ಲು ಎಲಿವೇಟರ್‌ನ ಸ್ವಿಚ್ ಇಳಿಸಿ, ಕ್ಲಿಪ್ ಸಿಕ್ಕಿಸಿ, ತನ್ನ ಕೀಲಿ ಹಾಕುತ್ತಾನೆ. ಕೀಲಿಕೈ ಅಂಗಿ ಜೇಬಿಗೆ. ತನ್ನ ಹೆಸರು ಬರೆದ ಚೀಟಿ ತೂಗುಹಾಕುತ್ತಾನೆ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡುತ್ತಾನೆ. ಮೋಟರ್ ಅಲುಗುವುದಿಲ್ಲ.

"ನೋಡ್ರಿ ಕಾಕಾ, ಸತ್ತದ" ಎನ್ನುತ್ತಾನೆ ಮಲ್ಲು. ಚಿತ್ರ ನಿಲ್ಲುತ್ತದೆ. ಪ್ರಶ್ನೆ: "ಈಗ ಗೇಟ್ ತೆಗೆಯಬಹುದಾ?"

ಅನುಭವ ಇರುವವರೂ ಇಲ್ಲಿ ಹೂಂ ಎನ್ನುವ ಸಾಧ್ಯತೆ ಜಾಸ್ತಿ. ಬಟನ್ ಒತ್ತಿ ನೋಡುವುದು ಸರಿಯಾದ ಪದ್ಧತಿಯೇ. ಆದರೆ ಇಡೀ ಮಿಲ್‌ಗೆ ಈಗ ಕರೆಂಟ್ ಇಲ್ಲ! ಯಾವ ಸ್ವಿಚ್‌ಗೆ ಕೀಲಿ ಹಾಕಿದ್ದರೂ ಮೋಟರ್ ತಿರುಗುತ್ತಿರಲಿಲ್ಲ. ಚೀಟಿ ತಪ್ಪಾಗಿ, ಪಕ್ಕದ ರೋಲರ್‌ನ ಸ್ವಿಚ್‌ಗೆ ಕೀಲಿ ಬಿದ್ದಿದ್ದರೂ ಇದೇ ಫಲಿತಾಂಶ ಬರುತ್ತಿತ್ತು. ಅಂದರೆ ಈ ಪರೀಕ್ಷೆಯಿಂದ ಏನೂ ಗೊತ್ತಾಗಲಿಲ್ಲ.

ಸರಿಯುತ್ತರ: ಕೀಲಿ ಹಾಗೇ ಇರಲಿ. ಕರೆಂಟ್ ಬರುವವರೆಗೆ ಕಾಯಬೇಕು. ಬಂದ ಮೇಲೆ, ಬೂಟ್ ಹತ್ತಿರ ಯಾರೂ ಇಲ್ಲ, ಗೇಟ್ ಮುಚ್ಚಿದೆ ಎಂದು ನೋಡಿ, ಮತ್ತೊಮ್ಮೆ ಸ್ಟಾರ್ಟ್ ಒತ್ತಬೇಕು. ಪ್ಯಾನೆಲ್‌ನಲ್ಲೊಂದು, ಮಷಿನ್ ಹತ್ತಿರ ಇನ್ನೊಂದು ಬಟನ್ ಇದ್ದರೆ ಎರಡನ್ನೂ. ಆಗಲೂ ಅಲುಗದಿದ್ದರೆ ಸ್ಟಾಪ್ ಒತ್ತಿ, ಕೆಲಸಕ್ಕೆ ಇಳಿಯಬೇಕು. ಒಂದು ಮೋಟರ್ ಓಡಿದರೆ ಮಾತ್ರ ಇನ್ನೊಂದು ಓಡುವಂತೆ ಜೋಡಿಸಿದ ಪ್ಯಾನೆಲ್ ಆಗಿದ್ದರೆ ಬಟನ್ ಪರೀಕ್ಷೆಯನ್ನೂ ನಂಬುವಂತಿಲ್ಲ. ಅಲ್ಲಿ ಮಿಸ್ತ್ರಿಯೇ ಮೀಟರ್ ಹಿಡಿದು ಮೋಟರ್ ಕಡೆಗೆ ಕರೆಂಟ್ ಹೋಗುತ್ತಿಲ್ಲ ಎಂದು ನೋಡಬೇಕು. ನಿಮ್ಮ ಮಿಲ್ ಯಾವ ಬಗೆಯದು ಎಂದು ಕೇಳಿಕೊಂಡು, ಅದಕ್ಕೆ ತಕ್ಕ ದೃಶ್ಯ ಬರೆಯಿರಿ. ಎರಡನ್ನೂ ಒಂದೇ ವಿಡಿಯೊದಲ್ಲಿ ಹೇಳಿದರೆ ಹೆಲ್ಪರ್‌ಗೆ ಗೊಂದಲ.

"ಅಷ್ಟು ಹೊತ್ತು ಸುಮ್ನೆ ಕೂರೋದಾ?" ಎಂದು ಮಾಲೀಕರು ಕೇಳುತ್ತಾರೆ. ಹೇಗೂ ಕರೆಂಟ್ ಇಲ್ಲದೆ ಮಿಲ್ ಓಡುತ್ತಿಲ್ಲ. ಚೆಲ್ಲಿದ ತೊಗರಿ ಬಳಿದು ಚೀಲಕ್ಕೆ ತುಂಬುವ ಕೆಲಸ ಆಗಲಿ. ಈ ಮಾತನ್ನೂ ಶರಣಪ್ಪನ ಬಾಯಲ್ಲಿ ಹೇಳಿಸಿ: "ಬಾ, ಅಷ್ಟೊತ್ತಿಗೆ ಹೊರಗಿನ ಮಾಲ್ ಬಳ್ಯೂಣು." ಕಾಯುವುದು ಹೇಗಿರುತ್ತದೆ ಎಂದು ತೋರಿಸಿದರೆ ಜನ ಕಾಯುತ್ತಾರೆ.

ಇದೇ ಭಾಗದಲ್ಲಿ ಇನ್ನೊಂದು ದೃಶ್ಯ ಬೇಕು. ಕರೆಂಟ್ ಕಡಿದ ಮೇಲೂ ಎಲಿವೇಟರ್‌ನಲ್ಲಿ ಒಂದು ಬಲ ಉಳಿದಿರುತ್ತದೆ. ಮೇಲೆ ಹೋಗುವ ಕಡೆಯ ಬಕೆಟ್‌ಗಳಲ್ಲಿ ತೊಗರಿ ತುಂಬಿದೆ, ಇಳಿಯುವ ಕಡೆ ಖಾಲಿ. ಆ ಭಾರ ಬೆಲ್ಟನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಮೇಲಿನ ಶಾಫ್ಟ್‌ನಲ್ಲಿರುವ ಬ್ಯಾಕ್‌ಸ್ಟಾಪ್ ಅದನ್ನು ತಡೆಯಬೇಕು. ಅದು ಸವೆದಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಬೆಲ್ಟನ್ನು ಹಿಡಿದಿಟ್ಟಿರುವುದು ಬೂಟ್‌ನಲ್ಲಿ ಸಿಕ್ಕಿದ ತೊಗರಿಯೇ. ಅದನ್ನು ಕೈಯಿಂದ ಬಿಡಿಸಿದ ಕೂಡಲೇ ಬಕೆಟ್‌ಗಳು ಹಿಂದಕ್ಕೆ ಜರಿಯುತ್ತವೆ. ಹಾಗಾಗಿ ಕೀಲಿ ಹಾಕಿದ ಮೇಲೂ ಕೈ ಒಳಗೆ ಹೋಗಬಾರದು. ಉದ್ದ ಹಿಡಿಕೆಯ ಸಲಾಕೆಯಿಂದ, ಪಕ್ಕಕ್ಕೆ ನಿಂತು ಎಳೆಯಬೇಕು. ಕ್ಯಾಮೆರಾ ಇಲ್ಲಿ ಹತ್ತಿರ ಹೋಗಲಿ: ಸಲಾಕೆಯ ತುದಿ, ಅದರ ಹಿಂದೆ ಸುರಿಯುವ ತೊಗರಿ, ಗೇಟಿನಿಂದ ಒಂದು ಮೊಳ ಹಿಂದೆ ಇರುವ ಎರಡು ಕೈ. ನಿಧಾನವಾಗಿ ತೋರಿಸಿ. ತಪ್ಪು ವಿಧಾನ ಕಾಣುವ ಹೊತ್ತಿಗಿಂತ ಸರಿಯಾದ ವಿಧಾನ ಕಾಣುವ ಹೊತ್ತು ಜಾಸ್ತಿ ಇರಬೇಕು. ಜನರ ತಲೆಯಲ್ಲಿ ಉಳಿಯುವುದು ಕೈ ಮಾಡಿದ ಕೆಲಸ.

ಮೂರನೇ ಭಾಗ

ಇದು ಚಿಕ್ಕದಿರಲಿ. ಮಲ್ಲು ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗಿದ್ದಾನೆ. ಕೀಲಿ ಪ್ಯಾನೆಲ್‌ನಲ್ಲೇ ಇದೆ. ಸೂಪರ್‌ವೈಸರ್ ಫೋನ್‌ನಲ್ಲಿ "ಮಾಲ್ ಲೇಟ್ ಆಗ್ಲತ್ತದ, ಚಾಲು ಮಾಡ್ರಿ" ಎನ್ನುತ್ತಾನೆ. ಶರಣಪ್ಪನ ಹತ್ತಿರ ಡೂಪ್ಲಿಕೇಟ್ ಕೀಲಿಕೈ ಇದೆ. ಏನು ಮಾಡಬೇಕು?

ಉತ್ತರ: ಹಾಕಿದವನೇ ತೆಗೆಯಬೇಕು. ಮಲ್ಲುವನ್ನು ಕರೆಸಬೇಕು. ಇಬ್ಬರು ಬೂಟ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಇಬ್ಬರದೂ ಬೇರೆ ಬೇರೆ ಕೀಲಿ ಇರಬೇಕು. ಹಲವು ಕೀಲಿ ಹಿಡಿಯುವ ಹ್ಯಾಸ್ಪ್ ಎಂಬ ಕೊಂಡಿ ಸಿಗುತ್ತದೆ. ಕೊನೆಯ ಕೀಲಿ ತೆಗೆಯುವವರೆಗೆ ಸ್ವಿಚ್ ಏರುವುದಿಲ್ಲ. ಡೂಪ್ಲಿಕೇಟ್ ಕೀಲಿಕೈ ಪ್ಯಾನೆಲ್ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದರೆ ಈ ಇಡೀ ಪದ್ಧತಿ ನೀರುಪಾಲು. ಚಿತ್ರೀಕರಣಕ್ಕೆ ಮುಂಚೆಯೇ ಅದನ್ನು ತೆಗೆಸಿ.

ಚಿತ್ರೀಕರಣ

ಸುರಕ್ಷತಾ ವಿಡಿಯೊ ಮಾಡುವಾಗಲೇ ಒಬ್ಬರಿಗೆ ಏಟಾಗಬಾರದು. ಗೇಟ್ ಹತ್ತಿರ ಕೈ ಕಾಣುವ ಪ್ರತಿ ಶಾಟ್‌ಗೂ ಮೇನ್ ಸ್ವಿಚ್ ಇಳಿದು, ನಿಜವಾದ ಕೀಲಿ ಬಿದ್ದು, ಮಿಸ್ತ್ರಿ ಪರೀಕ್ಷೆ ಮಾಡಿರಬೇಕು. ಬಕೆಟ್‌ಗಳೂ ಖಾಲಿ ಇರಲಿ. ಬೆಲ್ಟ್ ಓಡುವ ಶಾಟ್ ಬೇರೆ ತೆಗೆಯಿರಿ. ಗೇಟ್ ಮುಚ್ಚಿ, ಎಲ್ಲರನ್ನೂ ದೂರ ನಿಲ್ಲಿಸಿ ತೆಗೆದ ಮೇಲೆ ಎರಡನ್ನೂ ಎಡಿಟಿಂಗ್‌ನಲ್ಲಿ ಜೋಡಿಸಬಹುದು. ಮೋಟರ್ ಸದ್ದನ್ನು ಮೊಬೈಲ್‌ನಲ್ಲಿ ಪ್ರತ್ಯೇಕ ರೆಕಾರ್ಡ್ ಮಾಡಿ. ರಕ್ತ, ತುಂಡಾದ ಬೆರಳು ತೋರಿಸುವುದು ಬೇಡ. ಅದನ್ನು ನೋಡಿದವರು ಮುಖ ತಿರುಗಿಸುತ್ತಾರೆ, ಮುಂದಿನ ಅರ್ಧ ನಿಮಿಷದ ಮಾತು ಅವರ ಕಿವಿಗೆ ಬೀಳುವುದಿಲ್ಲ.

ತೋರಿಸುವ ದಿನ

ಪ್ರಶ್ನೆ ಬಂದಾಗ ವಿಡಿಯೊ ನಿಲ್ಲಿಸಿ. "ಯಾರ್ಯಾರು ಅ ಅಂತೀರಿ, ಕೈ ಎತ್ರಿ" ಎಂದರೆ ಎಲ್ಲರೂ ಹಿರಿಯ ಕೆಲಸಗಾರನ ಮುಖ ನೋಡಿ ಕೈ ಎತ್ತುತ್ತಾರೆ. ಅದರ ಬದಲು ಪ್ರತಿಯೊಬ್ಬರಿಗೂ ಮೂರು ಬಣ್ಣದ ಚೀಟಿ ಕೊಡಿ. ಒಂದನ್ನು ಆರಿಸಿ ಮಡಚಿ ಡಬ್ಬಿಗೆ ಹಾಕಲಿ. ಹೆಸರು ಬೇಡ. ಡಬ್ಬಿ ಎಣಿಸಿದ ಮೇಲೆ ಮುಂದಿನ ದೃಶ್ಯ ಹಾಕಿ.

ಈ ಚೀಟಿಗಳಿಂದ ನಿಮಗೂ ಪಾಠ ಇದೆ. ಮೊದಲ ಪ್ರಶ್ನೆಗೆ ಎಲ್ಲರೂ ಸರಿಯುತ್ತರ ಕೊಟ್ಟರೆ ಪ್ರಶ್ನೆ ತೀರಾ ಸುಲಭವಾಗಿರಬಹುದು, ತಪ್ಪು ಉತ್ತರಗಳನ್ನು ಇನ್ನಷ್ಟು ನಿಜಕ್ಕೆ ಹತ್ತಿರ ತನ್ನಿ. "ಆ" ಚೀಟಿ ಜಾಸ್ತಿ ಬಂದರೆ ಒಳ್ಳೆಯ ಸುದ್ದಿ. ಮಿಲ್‌ನಲ್ಲಿ ಏನು ನಡೆಯುತ್ತಿದೆ ಎಂದು ಡಬ್ಬಿ ಹೇಳುತ್ತಿದೆ. ವಾರ ಬಿಟ್ಟು ಅದೇ ಪ್ರಶ್ನೆ ಕೇಳಿದಾಗಲೂ "ಆ" ಬಂದರೆ, ಸಾಬಣ್ಣ ಜಾಗ ಬಿಟ್ಟು ಹೋಗುವ ದೃಶ್ಯ ಮನಸ್ಸಿಗೆ ನಾಟಿಲ್ಲ ಎಂದರ್ಥ. ಆ ದೃಶ್ಯವನ್ನು ಮತ್ತೆ ಬರೆಯಿರಿ.

ಕೊನೆಯ ಪರೀಕ್ಷೆ ಪರದೆಯ ಮೇಲೆ ಬೇಡ. ವಿಡಿಯೊ ಮುಗಿದ ಮೇಲೆ ಒಬ್ಬೊಬ್ಬರನ್ನೇ ಪ್ಯಾನೆಲ್ ಹತ್ತಿರ ಕರೆದುಕೊಂಡು ಹೋಗಿ, ಕೈಗೆ ಕೀಲಿ ಕೊಟ್ಟು, "ಎರಡನೇ ಎಲಿವೇಟರ್ ಬಂದ್ ಮಾಡು" ಎನ್ನಿ. ಮಿಸ್ತ್ರಿ ಪಕ್ಕದಲ್ಲಿರಲಿ. ಸರಿಯಾದ ಸ್ವಿಚ್ ಹುಡುಕಿದನಾ, ಕೀಲಿಕೈ ಜೇಬಿಗೆ ಹಾಕಿಕೊಂಡನಾ ಅಥವಾ ಕೀಲಿಯಲ್ಲೇ ಬಿಟ್ಟನಾ, ಸ್ಟಾರ್ಟ್ ಒತ್ತಿ ನೋಡಿದನಾ, ಆಮೇಲೆ ಸ್ಟಾಪ್ ಒತ್ತಿದನಾ? ಮಧ್ಯೆ ಬಾಯಿ ಹಾಕಬೇಡಿ. ಮರೆತದ್ದನ್ನು ಕೊನೆಗೆ ಹೇಳಿ, ಮತ್ತೊಮ್ಮೆ ಮಾಡಿಸಿ. ಅಲ್ಲಿಯವರೆಗೆ ಆ ಹುಡುಗನನ್ನು ಎಲಿವೇಟರ್ ಬುಡಕ್ಕೆ ಕಳಿಸಬೇಡಿ. ಮಾಲ್ ಹಾಕುವ, ಬಳಿಯುವ, ಚೀಲ ಹೊಲಿಯುವ ಕೆಲಸ ಮಿಲ್‌ನಲ್ಲಿ ಬೇಕಾದಷ್ಟಿದೆ.